ಪ್ರಾಣೇಶ ಅಳಿಸಿದ ಕಾಮಾ

ಪ್ರಾಣೇಶನ ಹೊಟ್ಟೆಕಿಚ್ಚಿಗೆ ದೊಡ್ಡದು ಚಿಕ್ಕದು ಎಂಬ ಭೇದವಿರಲಿಲ್ಲ. ಹೈದರಾಬಾದಿನ ಬೇಗಂಪೇಟೆಯ ನಮ್ಮ ಆಫೀಸಿನಲ್ಲಿ ಯಾರಿಗಾದರೂ ಅಮೆರಿಕದ ವೀಸಾ ಬಂದರೂ ಅವನ ಮುಖ ಗಂಟಾಗುತ್ತಿತ್ತು, ಕ್ಯಾಂಟೀನಿನವನು ಬೇರೆಯವರ ಚಹಾದ ಕಪ್ಪನ್ನು ಒಂಚೂರು ಹೆಚ್ಚು ತುಂಬಿದರೂ ಗಂಟಾಗುತ್ತಿತ್ತು. ಅವನ ಪಕ್ಕದ ಸೀಟಿನಲ್ಲೇ ಟೆಸ್ಟಿಂಗ್ ಮಾಡಿಕೊಂಡು ಕೂತಿದ್ದ ನನಗೆ ಅದನ್ನು ನೋಡುವುದೇ ಒಂದು ಮಜಾ. "ಶಾಮಲಾ, ನಿಂಗ ನಗಿ ಬರ್ತೈತಿ, ನನ್ನ ಹೊಟ್ಟಿ ಉರೀತೈತಿ" ಎಂದು ಅವನೇ ಹೇಳುತ್ತಿದ್ದ. ಆ ಮಟ್ಟಿಗೆ ಪ್ರಾಮಾಣಿಕ ಮನುಷ್ಯ.

ಅವನು ಹುಟ್ಟಿ ಬೆಳೆದದ್ದು ನಾರಾಯಣಗೂಡದಲ್ಲಿ. ಅಜ್ಜ ನಿಜಾಮರ ಕಾಲದಲ್ಲಿ ಲಿಂಗಸುಗೂರಿನ ಕಡೆಯಿಂದ ಸರಕಾರಿ ಕೆಲಸಕ್ಕೆ ಬಂದವರು, ಹಿಂದಿರುಗಿ ಹೋಗಲಿಲ್ಲ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ತೆಲುಗು, ಆಟೊದವನ ಜೊತೆ ಜಗಳಕ್ಕೆ ಹಿಂದಿ. ಕಂಪನಿಗೆ ಸೇರುವ ಮೊದಲು ಮನೆ ಹತ್ತಿರದ ಕೋಚಿಂಗ್ ಸೆಂಟರಿನಲ್ಲಿ ವರ್ಷಗಟ್ಟಲೆ ಕಂಪ್ಯೂಟರಿನ ಸಿ ಭಾಷೆ ಕಲಿಸಿದ್ದ. ಆಗ ಹೈದರಾಬಾದಿನಲ್ಲಿ ಕಂಪ್ಯೂಟರ್ ಕಲಿಯದ ಹುಡುಗರೇ ಇರಲಿಲ್ಲ ಅನ್ನಬೇಕು. ನಮ್ಮ ಆಫೀಸಿನಲ್ಲೇ ಅರ್ಧ ಜನ ಅವನ ಶಿಷ್ಯರು. ಎದುರಿಗೆ ಸಿಕ್ಕಾಗ ಅವರು "ಸರ್" ಎನ್ನುತ್ತಿದ್ದರಲ್ಲ, ಅದರಲ್ಲೇ ಅವನ ಜೀವ.

ಇಂಥವನ ಎದುರಿಗೆ ಮೈಸೂರಿನಿಂದ ಶ್ರೀವಿದ್ಯಾ ಬಂದು ಕೂತಳು. ವಯಸ್ಸಿನಲ್ಲಿ ಅವನಿಗಿಂತ ಬಹಳ ಚಿಕ್ಕವಳು, ಮಾತು ಮೆಲ್ಲಗೆ, ಪೈಥಾನ್ ಭಾಷೆ ಮಾತ್ರ ನೀರು ಕುಡಿದಷ್ಟು ಸಲೀಸು. ನಮ್ಮಲ್ಲಿ ಪೈಥಾನ್ ಆಗಿನ್ನೂ ಹೊಸತು. ಪ್ರಾಣೇಶ ಅಬಿಡ್ಸಿಗೆ ಹೋಗಿ ಹಳೇ ಪುಸ್ತಕವೊಂದನ್ನು ತಂದು ಹಟಕ್ಕೆ ಬಿದ್ದು ಕಲಿಯತೊಡಗಿದ. ಶಿಷ್ಯರು ಅನುಮಾನ ಬಂದಾಗ ಅವನ ಸೀಟು ದಾಟಿ ಅವಳ ಸೀಟಿಗೆ ಹೋಗುತ್ತಿದ್ದರು. ಅದನ್ನು ನೋಡಿ ಅವನು ಊಟ ಬಿಟ್ಟದ್ದೂ ಉಂಟು.

ಆ ಹೊತ್ತಿಗೆ ನಮ್ಮ ಮ್ಯಾನೇಜರ್ ಅಮರೇಶಪ್ಪನವರು ಪೈಥಾನಿಗೆಂದೇ ಹೊಸ ಟೀಮು ಕಟ್ಟುವುದಾಗಿ ಹೇಳಿದರು. ಅದರ ಲೀಡ್ ಆಗುವುದು ಪ್ರಾಣೇಶ ಇಲ್ಲವೇ ಶ್ರೀವಿದ್ಯಾ. ಊರ ತುಂಬ ಶಾಖೆಗಳಿದ್ದ ಔಷಧಿ ಅಂಗಡಿಯವರಿಗೆ ಒಂದು ಪ್ರೋಗ್ರಾಮ್ ಬೇಕಿತ್ತು, ಎಲ್ಲ ಶಾಖೆಗಳ ದಾಸ್ತಾನಿನ ವಿವರವನ್ನು ಏಕಕಾಲಕ್ಕೆ ತರಿಸಿ ತೋರಿಸುವಂಥದ್ದು. ಅದನ್ನು ಬರೆಯುವ ಕೆಲಸ ಹಿರಿಯನೆಂದು ಪ್ರಾಣೇಶನಿಗೆ ಬಂತು. "ಡೆಮೊ ಛಂದಾಗಿ ಆತಂದ್ರ ಟೀಮು ನಿಮ್ದರಿ" ಎಂದರು ಅಮರೇಶಪ್ಪ.

ನಮ್ಮಲ್ಲಿ ಒಂದು ಪದ್ಧತಿಯಿತ್ತು. ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ಓದಿ ತಿದ್ದಬೇಕು. ಪ್ರಾಣೇಶನದು ಶ್ರೀವಿದ್ಯಾಳ ಕೈಗೆ ಹೋಯಿತು. ಅವಳು ಓದಿ ಬಂದು, "ತುಂಬಾ ಚೆನ್ನಾಗಿದೆ ಸರ್. ಎಲ್ಲ ಶಾಖೆಗಳನ್ನೂ ಒಟ್ಟಿಗೆ ಕೇಳೋಕೆ ಥ್ರೆಡ್ ಶುರು ಮಾಡೋ ಕಡೆ ಒಂದು ಕಾಮಾ ಹಾಕಿದೀನಿ, ಅದಿಲ್ದಿದ್ರೆ ಟ್ಯೂಪಲ್ ಆಗಲ್ಲ" ಎಂದಳು. ಟ್ಯೂಪಲ್ ಎಂದರೆ ಪೈಥಾನಿನಲ್ಲಿ ಒಂದು ಬಗೆಯ ಪಟ್ಟಿ.

ಹಿಂದಿನಿಂದ ಶಿಷ್ಯನೊಬ್ಬ ಕೇಳಿಸಿಕೊಳ್ಳುತ್ತಿದ್ದ. ಪ್ರಾಣೇಶನ ಕಿವಿ ಕೆಂಪಾದವು. "ಹೂಂ ಹೂಂ" ಎಂದು ಅವಳನ್ನು ಸಾಗಹಾಕಿದ. ಆಮೇಲೆ ಪರದೆಯ ಮೇಲಿನ ಸಾಲನ್ನು ಬೆರಳಿಟ್ಟು ನನಗೆ ತೋರಿಸಿದ. ಶಾಖೆಯ ಸಂಕೇತ ಕಂಸದೊಳಗಿತ್ತು, ಅದರ ಮುಂದೊಂದು ಕಾಮಾ, ಕಾಮಾದ ಮುಂದೆ ಏನೂ ಇಲ್ಲ.

"ನೋಡಿಲ್ಲಿ ಶಾಮಲಾ. ಕಾಮಾ ಐತಿ, ಅದರ ಮುಂದ ಎರಡನೇದು ಏನೂ ಇಲ್ಲ. ಸಿ ಒಳಗ ಹಿಂಗ ಫಂಕ್ಷನ್ ಕರದ್ರ ಕಂಪೈಲರ್ ಮಾರಿ ಮ್ಯಾಲ ಉಗುಳತೈತಿ. ನನ್ನ ಕೋಡಿನ್ಯಾಗ ಏನರ ಒಂದು ತಪ್ಪು ಹುಡುಕಬೇಕಿತ್ತು ಆಕಿಗೆ, ಇಷ್ಟ."

"ಕೇಳಿ ನೋಡಬಾರದೇನ?" ಎಂದೆ.

"ಆಕಿನ್ನ? ನಾನು?"

ಕಾಮಾ ಅಳಿಸಿದ. ಪ್ರೋಗ್ರಾಮ್ ಓಡಿಸಿದ. ಕೋಚಿಂಗ್ ಸೆಂಟರಿನ ಕಾಲದಿಂದಲೂ ಅವನು ಪರೀಕ್ಷೆಗೆ ಒಂದೊಂದೇ ಅಕ್ಷರ ಬಳಸುತ್ತಿದ್ದವನು. ಅಂಗಡಿಗಳ ಹೆಸರು A, B, C. ಮೂರರ ವಿವರವೂ ಚೊಕ್ಕವಾಗಿ ಬಂತು. ಅವನ ಮುಖ ಹಬ್ಬದ ಮನೆಯಂತಾಯಿತು. "ಕಂಡ್ಯಲ್ಲ? ಕಾಮಾ ಇಲ್ಲದನ ನಡೀತೈತಿ" ಎಂದ. ನಿಜಕ್ಕೂ ನಡೆದಿತ್ತಲ್ಲ, ನಾನು ನನ್ನ ಕೆಲಸಕ್ಕೆ ತಿರುಗಿದೆ.

ಡೆಮೊ ದಿನ ಔಷಧಿ ಅಂಗಡಿಯ ರೆಡ್ಡಿಗಾರು ತಮ್ಮ ಶಾಖೆಗಳ ನಿಜವಾದ ಸಂಕೇತಗಳನ್ನು ತಂದರು. ಅಬಿಡ್ಸಿಗೆ ABD, ಬೇಗಂಪೇಟೆಗೆ BGP. ಪ್ರಾಣೇಶ ಅವನ್ನು ತುಂಬಿ, ಅಂಗಿ ಸರಿಮಾಡಿಕೊಂಡು, ಕೀ ಒತ್ತಿದ. ಗೋಡೆಯ ಮೇಲಿನ ಪರದೆ ತುಂಬ ಟೈಪ್ ಎರರ್ ಸುರಿಯಿತು. ಈ ಫಂಕ್ಷನ್ ತೆಗೆದುಕೊಳ್ಳುವುದು ಒಂದೇ ಆರ್ಗ್ಯುಮೆಂಟ್, ಅಂದರೆ ಒಂದೇ ಮಾಹಿತಿ, ಕೊಟ್ಟಿರುವುದು ಮೂರು ಎಂಬ ತಕರಾರು.

"ಮೂರೆಲ್ಲಿ ಕೊಟ್ಟೀನಿ? ಒಂದ ಕೊಟ್ಟೀನಿ" ಎಂದ ಪ್ರಾಣೇಶ, ಪರದೆಯೊಡನೆ ವಾದಕ್ಕಿಳಿದವನ ಹಾಗೆ. ಮತ್ತೆ ಓಡಿಸಿದ. ಮತ್ತೆ ಅದೇ.

"ಏಮೈಂದಿ?" ಎಂದು ತೆಲುಗಿನಲ್ಲಿ ಏನಾಯಿತೆಂದು ಕೇಳಿದರು ರೆಡ್ಡಿಗಾರು.

ಪ್ರಾಣೇಶ ಬೆವರಿದ್ದ. ಅಮರೇಶಪ್ಪನವರ ಕಡೆ ತಿರುಗಿ, "ಸರ್, ನಾ ಬರದಾಗ ನಡೀತಿತ್ತು. ರಿವ್ಯೂದಾಗ ಶ್ರೀವಿದ್ಯಾ ಕೈ ಹಾಕ್ಯಾರ" ಎಂದುಬಿಟ್ಟ. ನನಗೆ ನಾಚಿಕೆಯಾಗಿ ನೆಲ ನೋಡಿದೆ.

ಶ್ರೀವಿದ್ಯಾ ಎದ್ದು ಬಂದು ಆ ಸಾಲು ನೋಡಿದಳು. ಆಮೇಲೆ ಪ್ರಾಣೇಶನನ್ನು ನೋಡಿದಳು. ಸಂಕೇತಗಳಲ್ಲೊಂದು ಐದಕ್ಷರದ್ದಿತ್ತು, ಅದೊಂದನ್ನೇ ಕೊಟ್ಟು ಓಡಿಸಿದಳು. ಈ ಸಲ ಪರದೆ, ಕೊಟ್ಟಿರುವುದು ಐದು ಎಂದಿತು.

"ಅಕ್ಷರಗಳನ್ನ ಎಣಿಸ್ತಾ ಇದೆ ಸರ್. ಬರೀ ಕಂಸ ಹಾಕಿದ್ರೆ ಟ್ಯೂಪಲ್ ಆಗಲ್ಲ, ಕಾಮಾ ಇದ್ರೇನೇ ಆಗೋದು. ಕಾಮಾ ಇಲ್ದೇ ಹೋದ್ರೆ ಒಳಗಿರೋದು ಬರೀ ಪದ, ಅದನ್ನೇ ಅಕ್ಷರ ಅಕ್ಷರವಾಗಿ ಬಿಡಿಸಿ, ಒಂದೊಂದನ್ನೂ ಒಂದೊಂದು ಆರ್ಗ್ಯುಮೆಂಟ್ ಅಂತ ಕಳಿಸತ್ತೆ. A ಅಂತ ಕೊಟ್ಟಾಗ ಇದ್ದದ್ದೇ ಒಂದಕ್ಷರ, ಅದಕ್ಕೇ ನಡೀತಿತ್ತು."

ಕಾಮಾ ಹಾಕಿದಳು. ಎಲ್ಲ ಶಾಖೆಗಳ ದಾಸ್ತಾನೂ ಪರದೆಗೆ ಬಂತು. ರೆಡ್ಡಿಗಾರು ಖುಷಿಯಾಗಿ ಚಹಾ ಕುಡಿದು ಹೊರಟರು.

ಅವರು ಹೋದ ಮೇಲೆ ಅಮರೇಶಪ್ಪ ಬಾಗಿಲು ಹಾಕಿದರು. "ಕಾಮಾ ಯಾರು ತಗದ್ರವಾ?" ಎಂದು ಶ್ರೀವಿದ್ಯಾಳನ್ನೇ ಕೇಳಿದರು.

ಅವಳು ಪ್ರಾಣೇಶನ ಕಡೆ ನೋಡದೆಯೇ ಹೇಳಿದಳು. "ನಾನೇ ಹಾಕೋದು ಮರೆತಿರಬೇಕು ಸರ್. ಪ್ರಾಣೇಶ್ ಸರ್ ಪ್ರೋಗ್ರಾಮಲ್ಲಿ ಬೇರೇನೂ ತಪ್ಪಿರಲಿಲ್ಲ."

ಪ್ರಾಣೇಶ ಬಚಾವಾದ. ಲೀಡ್ ಪಟ್ಟ ಕೈಗೆ ಬಂದಂತೆಯೇ. ಬಾಯಿ ಮುಚ್ಚಿಕೊಂಡು ಕೂತಿದ್ದರೆ ಸಾಕಿತ್ತು.

ಅಮರೇಶಪ್ಪ ಅವಳ ಕಡೆ ಮೆಚ್ಚುಗೆಯಿಂದ ನೋಡಿದರು. "ತಪ್ಪು ಒಪ್ಪಿಕೊಳ್ಳೋ ಮಂದಿ ಭಾಳ ಕಡಿಮಿ. ದೊಡ್ಡ ಮನಸು ನಿಂದು" ಎಂದರು.

ಪ್ರಾಣೇಶ ಕುರ್ಚಿ ಹಿಂದೆ ತಳ್ಳಿ ಎದ್ದುನಿಂತ. "ಸುಳ್ಳರಿ ಸರ್. ಆಕಿ ಹಾಕಿದ್ಲು. ತಗದಾಂವ ನಾನು. ಬೇಕಂತ ತಗದೀನಿ."

ಲೀಡ್ ಶ್ರೀವಿದ್ಯಾ ಆದಳು. ಪ್ರಾಣೇಶ ಎಂಥ ಸತ್ಯವಂತ ಎಂದು ಶಿಷ್ಯರೆಲ್ಲ ಆಡಿಕೊಂಡರು, ಮನೆಗೆ ಹೋಗಿ ಹೆಂಡಿರಿಗೂ ಹೇಳಿದರಂತೆ. ನಾನೂ ಹಾಗೆಯೇ ಅಂದುಕೊಂಡೆ. ಸಂಜೆ ಬಸ್ ಸ್ಟಾಪಿನಲ್ಲಿ ಅವನ ಬೆನ್ನು ತಟ್ಟಿ, "ಎಷ್ಟು ಧೈರ್ಯ ಮಾರಾಯಾ ನಿಂಗ" ಎಂದೆ.

"ಧೈರ್ಯ ಎಲ್ಲಿದು?" ಎಂದ ಅವನು, ಬಸ್ಸು ಬರುವ ದಿಕ್ಕಿಗೆ ನೋಡುತ್ತ. "ಪೈಥಾನ್ ಆಕಿಗೇ ಛಲೋ ಬರತೈತಿ, ಆತು, ತಡಕೊಂಡೆ. ಒಳ್ಳೇತನಾನೂ ಆಕಿಗೇ ಅಂದ್ರ ಹೆಂಗ ತಡಕೊಳ್ಳಲಿ?"