ಬಿಳಿ ತಂಡಕ್ಕೆ ಬೈ ಬಂದ ವಾರ

ಕೊರಟಗೆರೆ ಕಡೆಯ ಒಂದು ವಸತಿ ಶಾಲೆಯಲ್ಲಿ ನಾನು ದೈಹಿಕ ಶಿಕ್ಷಕಿಯಾಗಿದ್ದೆ. ನಾನು ಸೇರಿದಾಗ ಅಲ್ಲಿ ನಾಲ್ಕೇ ತಂಡಗಳಿದ್ದವು: ಕೆಂಪು, ಹಳದಿ, ಹಸಿರು, ನೀಲಿ. ನಾಲ್ಕು ತಂಡಗಳಿದ್ದರೆ ಪಂದ್ಯದ ಪಟ್ಟಿ ಹಾಕುವುದು ಏನೇನೂ ಕಷ್ಟವಲ್ಲ. ಎರಡು ಸೆಮಿಫೈನಲ್, ಒಂದು ಫೈನಲ್, ಮುಗಿಯಿತು. ಆಮೇಲೆ ಮಕ್ಕಳ ಸಂಖ್ಯೆ ಹೆಚ್ಚಾಯಿತೆಂದು ಹೆಡ್‌ಮಾಸ್ಟರು ಐದನೆಯದೊಂದು ತಂಡ ಮಾಡಿದರು. ಅಂಗಡಿಯಲ್ಲಿ ಬೇರೆ ಬಣ್ಣದ ಬಟ್ಟೆ ಸಿಗದೆ ಅದು ಬಿಳಿ ತಂಡವಾಯಿತು.

ಆ ಮೊದಲ ವರ್ಷ ಹುಡುಗಿಯರ ಖೋ-ಖೋಗೆ ನಾಕೌಟ್ ಹಾಕಿದೆ. ಸೋತವರು ಮನೆಗೆ, ಗೆದ್ದವರು ಮುಂದಕ್ಕೆ. ಐದು ತಂಡಕ್ಕೆ ಹಾಗೆ ಪಟ್ಟಿ ಮಾಡಬೇಕೆಂದರೆ ಎರಡು, ನಾಲ್ಕು, ಎಂಟು ಎಂದು ಇಮ್ಮಡಿಯಾಗುತ್ತ ಹೋಗುವ ಲೆಕ್ಕದಲ್ಲಿ ಐದನ್ನು ದಾಟಿದ ಎಂಟನ್ನು ಹಿಡಿಯಬೇಕು. ಎಂಟರಲ್ಲಿ ಐದು ಕಳೆದರೆ ಉಳಿಯುವುದು ಮೂರು. ಆ ಮೂರು ತಂಡಗಳು ಮೊದಲ ಸುತ್ತಿನಲ್ಲಿ ಆಡದೆಯೇ ಮುಂದಕ್ಕೆ ದಾಟುತ್ತವೆ; ಅದಕ್ಕೇ ಬೈ ಅನ್ನುವುದು. ಹಸಿರು ತಂಡಕ್ಕೆ ಬೈ ಬಂತು. ಕುಣಿದಾಡಿದರು. ಮಾರನೆಯ ದಿನ ಆಡಿದ ಮೊದಲ ಪಂದ್ಯದಲ್ಲೇ ಸೋತು ಹೊರಗೆ ಬಿದ್ದರು. ತಿಂಗಳುಗಟ್ಟಲೆ ಬೆಳಿಗ್ಗೆ ಎದ್ದು ಓಡಿದ್ದ ಹುಡುಗಿಯರು ನನ್ನ ಮುಂದೆ ಬಂದು ನಿಂತು, “ಅಷ್ಟೇನಾ ಮಿಸ್? ಒಂದೇ ಮ್ಯಾಚಾ?” ಎಂದರು.

ಮುಂದಿನ ವರ್ಷ ಲೀಗ್ ಆಡಿಸೋಣವೆಂದು ಹೆಡ್‌ಮಾಸ್ಟರನ್ನು ಕೇಳಿದೆ. ಪ್ರತಿ ತಂಡವೂ ಉಳಿದೆಲ್ಲ ತಂಡಗಳೊಡನೆ ಒಮ್ಮೆ ಆಡುವುದು; ಹೆಚ್ಚು ಅಂಕ ಬಂದವರು ಗೆದ್ದಂತೆ.

“ನಾಕೌಟಾದ್ರೆ ನಾಲ್ಕೇ ಮ್ಯಾಚು ಮೇಡಂ. ನಿಮ್ಮ ಲೀಗಿಗೆ ಹತ್ತು ಬೇಕು,” ಎಂದರು ಅವರು.

“ದಿನಕ್ಕೆರಡರಂತೆ ಒಂದು ವಾರದಲ್ಲಿ ಮುಗಿಸ್ತೀನಿ ಸರ್. ಕೊನೆ ಪಿರಿಯಡ್ ಕೊಟ್ರೆ ಸಾಕು.”

ಟೈಂಟೇಬಲ್ ತಿರುವಿ ನೋಡಿ, “ಸೋಮವಾರದಿಂದ ಶುಕ್ರವಾರ. ಶನಿವಾರಕ್ಕೆ ಎಳೀಬೇಡಿ,” ಎಂದು ಒಪ್ಪಿದರು.

ತಂಡಗಳು ಬೆಸವಾಗಿದ್ದರೆ ಲೀಗಿನಲ್ಲೂ ಬೈ ಇರುತ್ತದೆ, ಆದರೆ ಅದು ಬೇರೆ ಬಗೆಯದು. ದಿನಕ್ಕೆ ನಾಲ್ಕು ತಂಡ ಆಡುತ್ತವೆ, ಒಂದು ಕೂರುತ್ತದೆ. ಪಟ್ಟಿ ಬರೆಯುವಾಗ ಬೈ ಎಂಬುದನ್ನು ಒಂದು ಮೂಲೆಯಲ್ಲಿ ಅಲುಗಾಡದಂತೆ ಇಟ್ಟು, ಐದು ತಂಡಗಳನ್ನು ದಿನಕ್ಕೊಂದು ಮನೆಯಂತೆ ಸುತ್ತಿಸುತ್ತ ಹೋಗಬೇಕು. ಯಾರು ಬೈ ಎದುರಿಗೆ ಬರುತ್ತಾರೋ ಅವರಿಗೆ ಆ ದಿನ ರಜೆ. ಅದರಿಂದ ಅಂಕ ಬರುವುದಿಲ್ಲ, ಹೋಗುವುದೂ ಇಲ್ಲ. ಐದು ದಿನದಲ್ಲಿ ಎಲ್ಲರೂ ನಾಲ್ಕು ಪಂದ್ಯ ಆಡಿರುತ್ತಾರೆ, ಎಲ್ಲರೂ ಒಂದು ದಿನ ಕೂತಿರುತ್ತಾರೆ. ಇದಕ್ಕಿಂತ ನ್ಯಾಯ ಇನ್ನೇನಿದೆ ಅಂದುಕೊಂಡಿದ್ದೆ.

ಶನಿವಾರ ನಾಯಕಿಯರನ್ನು ಕರೆದು ಸ್ಟೀಲ್ ಚೆಂಬಿನಿಂದ ಚೀಟಿ ಎತ್ತಿಸಿದೆ. ಬಿಳಿ ತಂಡದ ನಾಯಕಿ ಒಂಬತ್ತನೇ ಕ್ಲಾಸಿನವಳು, ಪಾವಗಡದ ಕಡೆಯ ಕುರಿ ಸಾಕುವವರ ಮನೆಯ ಹುಡುಗಿ. ತೆಳ್ಳಗೆ, ಕಪ್ಪಗೆ, ಮಾತು ಕಡಿಮೆ. ಬೆನ್ನಟ್ಟಿ ಬಂದವಳು ಕೈ ಚಾಚುವಷ್ಟರಲ್ಲಿ ಅವಳು ಕಂಬ ಸುತ್ತಿ ಆಚೆ ಬದಿ ತಲುಪಿರುತ್ತಿದ್ದಳು. ಅಂಥ ಓಟಗಾರ್ತಿಯನ್ನು ನಾನು ಆಮೇಲೆ ಕಂಡಿಲ್ಲ. ಅವಳಿಗೆ ಮೂರನೇ ನಂಬರಿನ ಚೀಟಿ ಬಂತು. ಬೋರ್ಡಿನ ಮೇಲೆ ಪಟ್ಟಿ ಬರೆದೆ. ಬುಧವಾರ ಬಿಳಿಗೆ ಬೈ.

ಅವಳ ಮುಖ ಬಾಡಿತು. ಉಳಿದವರು ಹೋದ ಮೇಲೆ ಹತ್ತಿರ ಬಂದಳು.

“ಬುಧವಾರ ನಮ್ ನಾಯ್ನ ಬರ್ತೀನಿ ಅಂದವ್ನೆ ಮಿಸ್.”

ಅವರ ಕಡೆ ಅಪ್ಪನನ್ನು ನಾಯ್ನ ಅನ್ನುತ್ತಾರೆ. ರಾಗಿ ಕೊಯ್ಲಾದ ಮೇಲೆ ಆತ ಮಂದೆ ಹೊಡೆದುಕೊಂಡು ತೋವಿನಕೆರೆ ಸುತ್ತಿನ ಹೊಲಗಳಿಗೆ ಬಂದಿದ್ದ. ಗೊಬ್ಬರಕ್ಕೆಂದು ರೈತರು ಹೊಲದಲ್ಲಿ ಕುರಿ ತಂಗಿಸಿಕೊಳ್ಳುತ್ತಾರಲ್ಲ, ಆ ಕೆಲಸ. ಜೊತೆಯಲ್ಲಿದ್ದ ಭಾಮೈದ ಒಂದು ದಿನ ಮಾತ್ರ ಒಬ್ಬನೇ ಮಂದೆ ನೋಡಿಕೊಳ್ಳಲು ಒಪ್ಪಿದ್ದ. ಆ ವಾರ ಕಳೆದರೆ ಕುರಿಗಳು ಶಿರಾ ದಿಕ್ಕಿಗೆ ಹೋಗುತ್ತಿದ್ದವು.

“ಒಂದ್ಸಲಾನೂ ನೋಡಿಲ್ಲ ಮಿಸ್ ನಾನಾಡೋದ. ಸುಮ್ನೆ ಹೇಳ್ತೀಯ ಅಂತಾನೆ.”

“ನೋಡೋಣ ಇರಮ್ಮ,” ಎಂದೆ.

ಆ ಮಾತನ್ನು ಅವಳು ‘ಆಗುವುದಿಲ್ಲ’ ಎಂದು ಅರ್ಥ ಮಾಡಿಕೊಂಡಿದ್ದಳು. ದೊಡ್ಡವರ ‘ನೋಡೋಣ’ಕ್ಕೆ ಮಕ್ಕಳು ಬೇರೆ ಯಾವ ಅರ್ಥವನ್ನು ತಾನೆ ಕಂಡಿರುತ್ತಾರೆ?

ನಾನಂತೂ ಅದನ್ನು ತಲೆಯಲ್ಲಿ ಇಟ್ಟುಕೊಂಡೇ ಇದ್ದೆ. ಲೀಗಿನಲ್ಲಿ ಒಂದು ಸೌಕರ್ಯವಿದೆ. ಒಂದು ದಿನದ ಸುತ್ತನ್ನು ಇಡಿಯಾಗಿ ಎತ್ತಿ ಇನ್ನೊಂದು ದಿನದ ಸುತ್ತಿನ ಜಾಗಕ್ಕೆ ಹಾಕಿದರೆ ಯಾರಿಗೂ ಪಂದ್ಯ ತಪ್ಪುವುದಿಲ್ಲ. ಗುರುವಾರದ ಪಂದ್ಯಗಳು ಬುಧವಾರಕ್ಕೆ ಬಂದರೆ ಬಿಳಿ ತಂಡ ಕೆಂಪಿನ ಮೇಲೆ ಆಡುತ್ತದೆ, ಹಳದಿಗೆ ಒಂದು ದಿನ ಮುಂಚೆ ಬೈ ಬರುತ್ತದೆ, ಅಷ್ಟೆ. ಹಳದಿ ತಂಡದ ಉಸ್ತುವಾರಿ ಕನ್ನಡ ಮೇಡಮ್ಮನವರದು. ಮಂಗಳವಾರ ಅವರನ್ನು ಕೇಳಿದೆ. “ಪಾಪ, ಬಂದು ನೋಡ್ಲಿ ಬಿಡಿ,” ಎಂದರು. ಹೆಡ್‌ಮಾಸ್ಟರು ಮಾತ್ರ ಗೊಣಗಿದರು.

“ಬೋರ್ಡಿಗೆ ಬರೆದ ಪಟ್ಟಿ ಬದಲಾಯಿಸೋದು ಒಳ್ಳೇದಲ್ಲ ಮೇಡಂ. ಇದೊಂದ್ಸಲ. ಮತ್ತೆ ಕೇಳಬೇಡಿ.”

ಬುಧವಾರ ಬೆಳಿಗ್ಗೆ ಪ್ರಾರ್ಥನೆಯಲ್ಲಿ ಹೊಸ ಪಟ್ಟಿ ಓದಿದೆ. ಬಿಳಿ ತಂಡದ ಸಾಲಿನತ್ತ ನೋಡಿ ನಕ್ಕೆ ಕೂಡ. ಅವಳು ನಗಲಿಲ್ಲ. ಪ್ರಾರ್ಥನೆ ಮುಗಿದೊಡನೆ ಓಡಿ ಬಂದಳು.

“ಮಿಸ್, ನಾಯ್ನ ಇವತ್ತು ಬರಲ್ಲ. ಭಾನುವಾರ ಫೋನ್ ಮಾಡಿ ಗುರುವಾರ ಬಾ ಅಂದ್ಬುಟ್ಟೆ.”

ಭಾನುವಾರ ಹಾಸ್ಟೆಲಿನ ಮಕ್ಕಳು ಮನೆಗೆ ಫೋನ್ ಮಾಡುವ ದಿನ. ಅಪ್ಪ ಸುಮ್ಮನೆ ಬಂದು ಹೋಗುವುದು ಬೇಡವೆಂದು, ತನ್ನ ಆಟವಿದ್ದ ದಿನಕ್ಕೆ ಅವಳೇ ಹೊಂದಿಸಿದ್ದಳು. ಭಾಮೈದನನ್ನೂ ಒಪ್ಪಿಸಿದ್ದಳಂತೆ. ಅಷ್ಟೆಲ್ಲ ಮಾಡಿದವಳನ್ನು ನಾನು ಒಂದು ಮಾತು ಕೇಳಿರಲಿಲ್ಲ. ಖುಷಿಪಡಿಸೋಣವೆಂದು ಗುಟ್ಟಾಗಿಟ್ಟಿದ್ದೆ.

ವಾರ್ಡನ್ ಫೋನಿನಿಂದ ಮತ್ತೆ ಮತ್ತೆ ಕರೆ ಮಾಡಿದೆವು. ಸ್ವಿಚ್ ಆಫ್. ಹೊಲದಲ್ಲಿ ಚಾರ್ಜ್ ಮಾಡಲು ಕರೆಂಟೆಲ್ಲಿಯದು? ಹೆಡ್‌ಮಾಸ್ಟರ ಕೋಣೆಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವರು ತಲೆ ಅಲ್ಲಾಡಿಸಿದರು. “ಬೆಳಿಗ್ಗೆ ಓದಿದ್ದನ್ನ ಮಧ್ಯಾಹ್ನ ಬದಲಾಯಿಸಿದ್ರೆ ಮಕ್ಕಳು ಏನಂದ್ಕೋತಾರೆ? ಹಳದಿ ಹುಡುಗೀರು ಆಗ್ಲೇ ಸುಣ್ಣದ ಪುಡಿ ಹಾಕ್ತಾ ಇದ್ದಾರೆ.” ಬೈ ಇದ್ದ ತಂಡವೇ ಆ ದಿನ ಅಂಕಣದ ಗೆರೆ ಎಳೆದು, ಅಂಕ ಬರೆಯಬೇಕೆಂದು ನಿಯಮ ಮಾಡಿದ್ದವಳೂ ನಾನೇ. ಅವರ ಮಾತಿನಲ್ಲಿ ತಪ್ಪಿರಲಿಲ್ಲ.

ಆ ಸಂಜೆ ಕೆಂಪು ತಂಡದ ಮೇಲೆ ಅವಳು ಆಡಿದಂತೆ ಯಾರೂ ಆಡಿದ್ದನ್ನು ನಾನು ನೋಡಿಲ್ಲ. ಸಿಟ್ಟಿನಲ್ಲಿ ಓಡಿದಳು. ಅವಳನ್ನು ಮುಟ್ಟಲಾಗದೆ ಕೆಂಪಿನ ಹುಡುಗಿಯರು ಒಬ್ಬರ ಮೇಲೊಬ್ಬರು ರೇಗಿಕೊಂಡರು, ಕೊನೆಗೆ ಅತ್ತೇ ಬಿಟ್ಟರು. ಅಡುಗೆಯವರು, ಕಾವಲಿನವರು, ಲೆಕ್ಕದ ಮೇಷ್ಟ್ರು ಎಲ್ಲ ಬಂದು ನಿಂತರು. ಬಿಳಿ ತಂಡ ಗೆದ್ದಿತು. ಗೆಳತಿಯರು ಎತ್ತಿಕೊಂಡಾಗ ಅವಳು ಗೇಟಿನ ಕಡೆ ನೋಡುತ್ತಿದ್ದಳು.

ಗುರುವಾರ ಮಧ್ಯಾಹ್ನ ಊಟದ ಗಂಟೆಗೇ ಅಪ್ಪ ಬಂದ. ಒಗೆದ ಬಿಳಿ ಪಂಚೆ, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಹುರಿದ ಕಡಲೆಕಾಯಿಯ ಚೀಲ. ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿದೆ. ಆತ ಕುರ್ಚಿ ಬಿಟ್ಟು ನೆಲದಲ್ಲೇ ಕೂತ. ಮಗಳು ಸುಣ್ಣದ ಬಕೆಟ್ ಹಿಡಿದು ಗೆರೆ ಎಳೆಯುತ್ತಿದ್ದಳು. ಪಂದ್ಯ ಶುರುವಾಯಿತು. ಹಳದಿ, ಹಸಿರು ಆಡಿದವು. ಆಮೇಲೆ ಕೆಂಪು, ನೀಲಿ. ಅವಳು ಗೆರೆಯ ಪಕ್ಕ ಮೇಜಿನ ಮುಂದೆ ಕೂತು ಅಂಕ ಬರೆದಳು.

ಎರಡನೆಯ ಪಂದ್ಯದ ನಡುವೆ ಆತ ನನ್ನನ್ನು ಕೇಳಿದ, “ನಮ್ ಪಾಪ ಯಾವಾಗ ಇಳೀತದಮ್ಮ?”

“ಇವತ್ತು ಅವರ ತಂಡಕ್ಕೆ ಬೈ ಇದೆ,” ಎಂದೆ.

“ಬೈ ಅಂದ್ರೇನು?”

“ರಜೆ ಇದ್ದಂಗೆ. ಐದು ತಂಡ ಇರೋದ್ರಿಂದ ದಿನಾ ಒಂದು ತಂಡ ಕೂರಬೇಕಾಗತ್ತೆ.”

ಆತ ತಗ್ಗಿದ ದನಿಯಲ್ಲಿ, “ಏನಾರ ತಪ್ಪು ಮಾಡೈತಾ ಅಮ್ಮ? ಅದ್ಕೆ ಕೂಡ್ಸಿದೀರಾ?” ಎಂದ.

ನಾನು ಇಡೀ ಕಥೆ ಹೇಳಿದೆ. ಚೀಟಿ, ಬುಧವಾರ, ಗುರುವಾರ, ಎಲ್ಲ. ತಪ್ಪು ನನ್ನದೆಂದೂ ಹೇಳಿದೆ. ಆತ ತಲೆಯಾಡಿಸಿದ. ನಂಬಿದನೋ, ಟೀಚರಮ್ಮನ ಮುಂದೆ ಎದುರಾಡಬಾರದೆಂದು ಸುಮ್ಮನಾದನೋ ಇಂದಿಗೂ ಗೊತ್ತಿಲ್ಲ. “ಹೋಗ್ಲಿ ಬುಡಮ್ಮ, ನಮ್ಗೋಸ್ಕರ ಮಾಡಕ್ಕೋಗಿ ಅಂಗಾಯ್ತು,” ಎಂದಷ್ಟೇ ಅಂದ.

ಪಂದ್ಯ ಮುಗಿದ ಮೇಲೆ ಇನ್ನೂ ಬೆಳಕಿತ್ತು. ಅವಳನ್ನು ಕರೆದು, “ಕೆಂಪಿನವರು ಇಲ್ಲೇ ಇದ್ದಾರೆ. ಸ್ವಲ್ಪ ಹೊತ್ತು ಆಡಿ ತೋರಿಸ್ತೀಯಾ?” ಎಂದೆ.

“ಅವ್ರು ಸುಸ್ತಾಗವ್ರೆ ಮಿಸ್. ಬೇಕೂಂತ ನಿಧಾನ ಓಡ್ತಾರೆ. ನಾಯ್ನಂಗೆ ಗೊತ್ತಾಗ್ತದೆ. ಬ್ಯಾಡ.”

ಅಪ್ಪನನ್ನು ಅಂಕಣದೊಳಗೆ ಕರೆದುಕೊಂಡು ಹೋದಳು. ಎಲ್ಲಿ ನಿಲ್ಲುವುದು, ಎಲ್ಲಿಂದ ತಿರುಗುವುದು ಎಂದು ತೋರಿಸಿದಳು. ಆತ ಚಪ್ಪಲಿ ಬಿಟ್ಟು ಗೆರೆ ದಾಟಿದ. ಕಂಬದ ಮೇಲೆ ಅಂಗೈ ಇಟ್ಟು, ಅದು ಅಲ್ಲಾಡುತ್ತದೋ ಎಂದು ನೋಡಿದ. ಬಿಳಿ ತಂಡದವರೆಲ್ಲ ಸುತ್ತ ನಿಂತು, ನಿನ್ನೆ ಅವಳು ಹೇಗೆ ಆಡಿದಳೆಂದು ಒಟ್ಟಿಗೇ ಹೇಳತೊಡಗಿದರು. ಆತ ಎಲ್ಲರ ಕೈಗೂ ಕಡಲೆಕಾಯಿ ಕೊಟ್ಟು ಬಸ್ಸಿಗೆ ಹೊರಟುಹೋದ.

ಶುಕ್ರವಾರ ಬಿಳಿ ತಂಡ ಹಸಿರಿನ ಮೇಲೆ ಸೋತಿತು. ಅಂಕದಲ್ಲಿ ಎರಡನೆಯ ಸ್ಥಾನ. ಮುಂದಿನ ವರ್ಷ ನೋಡೋಣವೆಂದು ನನ್ನಷ್ಟಕ್ಕೆ ಸಮಾಧಾನ ಹೇಳಿಕೊಂಡೆ. ಮುಂದಿನ ವರ್ಷ ಅವಳು ಹತ್ತನೇ ಕ್ಲಾಸು. ಫಲಿತಾಂಶ ಕುಸಿಯಬಾರದೆಂದು ಹತ್ತನೆಯವರಿಗೆ ಆಟವೇ ಬೇಡವೆಂದು ತೀರ್ಮಾನವಾಯಿತು. ನಾನು ಮೀಟಿಂಗಿನಲ್ಲಿ ವಿರೋಧಿಸಿದೆ. ಜೊತೆಗೆ ಯಾರೂ ಬರಲಿಲ್ಲ. ಪಂದ್ಯದ ವಾರ ಅವಳು ಕಿಟಕಿ ಪಕ್ಕ ಕೂತು ವಿಜ್ಞಾನದ ವಿಶೇಷ ತರಗತಿ ಕೇಳುತ್ತಿದ್ದಳು.

ಬೇಸಿಗೆಯಲ್ಲಿ ವರ್ಗಾವಣೆ ಪತ್ರಕ್ಕೆಂದು ಅಪ್ಪ ಒಬ್ಬನೇ ಬಂದಿದ್ದ. ಪಾವಗಡದ ಕಾಲೇಜಿಗೆ ಸೇರಿಸುತ್ತೇನೆಂದ. ಅಲ್ಲಿ ಖೋ-ಖೋ ಇದೆಯಾ ಎಂದು ಕೇಳಿದೆ.

“ಅದೆಲ್ಲ ನಮ್ಗೆಲ್ಲಿ ಗೊತ್ತಾಗ್ತದಮ್ಮ,” ಎಂದ. ಆಮೇಲೆ ನನ್ನನ್ನು ಸಂತೋಷಪಡಿಸಬೇಕೆಂದೇ ಇರಬೇಕು, ನಗುತ್ತ ಹೇಳಿದ: “ಆವತ್ತು ನೋಡಿದ್ನಲ್ಲ ಆಟ, ಚೆನ್ನಾಗಿತ್ತು. ಆ ಕೆಂಪು ಬಟ್ಟೆ ಹುಡ್ಗೀರು ಏನ್ ಓಡ್ತಾವಮ್ಮ! ಊರಲ್ಲಿ ಎಲ್ರಿಗೂ ಹೇಳ್ದೆ.”

ನಾನು ಹೌದೆಂದೆ. ಆ ಹುಡುಗಿಯರು ಅವತ್ತಿನ ಹಿಂದಿನ ಸಂಜೆ ನಿನ್ನ ಮಗಳನ್ನು ಮುಟ್ಟಲಾಗದೆ ಅತ್ತಿದ್ದರು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಗುಮಾಸ್ತರು ಕರೆದರು. ಆತ ಕಂಬಳಿ ಸರಿಮಾಡಿಕೊಂಡು ಕಚೇರಿಯೊಳಕ್ಕೆ ಹೋದ.