ಚೀನೀ ಪತ್ರ, ಅಪ್ಪನ ಬ್ಲೇಡು

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಸುತ್ತಿದ್ದ ನಮ್ಮಪ್ಪ, ಗೂಡು ಕೊಯ್ದು ಒಳಗಿನ ಹುಳು ನೋಡದೆ ಹರಾಜಿನಲ್ಲಿ ಬೆಲೆ ಕೂಗಿದವರಲ್ಲ. ಚೀನಾ ನೂಲು ಬಂದು ದರ ಬಿದ್ದ ಮೇಲೆ ಆ ದೇಶದ ಹೆಸರೆತ್ತಿದರೆ ಉರಿದುಬೀಳುತ್ತಿದ್ದರು. ನಾನು ಸ್ಕಾಲರ್‌ಶಿಪ್ಪಿನಲ್ಲಿ ಅಲ್ಲಿಗೇ ಹೋದೆ. ಒಂದು ವರ್ಷ ಭಾಷೆ ಕಲಿತು, ಅಲ್ಲಿನ ವೈದ್ಯಕೀಯ ವಿಶ್ವವಿದ್ಯಾಲಯದ ಅರ್ಜಿಗೆಂದು ನನ್ನ ಪ್ರೊಫೆಸರರಿಂದ ಚೀನೀ ಭಾಷೆಯ ಶಿಫಾರಸು ಪತ್ರ ಪಡೆದು ರಜೆಗೆ ಬಂದೆ. ಲಕೋಟೆ ಅಂಟಿಸಿ ಮೇಲೆ ಸಹಿ ಹಾಕಿದ್ದರು. ಅದನ್ನು ಒಡೆಯದೆ ಕೊಡಬೇಕಿತ್ತು.

ನಾನು ಸ್ನಾನ ಮಾಡಿ ಬರುವಷ್ಟರಲ್ಲಿ ಅಪ್ಪ ಗೂಡಿನ ಬ್ಲೇಡಿನಿಂದ ಅದನ್ನು ಕೊಯ್ದಿದ್ದರು.

"ಏನು ಬರ್ದವ್ನೆ? ಓದಪ್ಪ."

ಸಿಟ್ಟು ನುಂಗಿಕೊಂಡು ಕನ್ನಡದಲ್ಲಿ ಹೇಳಿದೆ: ಶ್ರಮಜೀವಿ, ಪ್ರಾಮಾಣಿಕ, ಒಂದು ದಿನವೂ ತರಗತಿ ತಪ್ಪಿಸಿಲ್ಲ.

"ಓದೋನೂ ನೀನೇ, ಒಳ್ಳೆಯವನೂ ನೀನೇನಾ?"

ಊರಲ್ಲಿ ಬೇರೆ ಯಾರಿಗೂ ಚೀನೀ ಬರುತ್ತಿರಲಿಲ್ಲ. ನಡೆದದ್ದನ್ನು ಪ್ರೊಫೆಸರರಿಗೆ ಬರೆದೆ. ಪಾಪ, ಅವರು ಹೊಸ ಪತ್ರವನ್ನು ಅಂಟಿಸಿ ಕಳಿಸಿದರು. ಅಪ್ಪ ಯಾರಿಂದಾದರೂ ಓದಿಸಿಕೊಳ್ಳಲೆಂದು ಅದರ ಇಂಗ್ಲಿಷ್ ಪ್ರತಿಯನ್ನು ಅಂಟಿಸದೆ ಜೊತೆಗಿಟ್ಟಿದ್ದರು.

ಅಪ್ಪ ಪ್ರತಿಯನ್ನು ಅತ್ತ ತಳ್ಳಿ, ಅಂಟಿಸಿದ ಲಕೋಟೆಯನ್ನು ಕಿವಿಯ ಹತ್ತಿರ ಹಿಡಿದು ಗೂಡಿನಂತೆ ಅಲ್ಲಾಡಿಸಿದರು.

"ಮೇಲೆ ಒಳ್ಳೆ ಗೂಡು ಹರಡಿ, ಕೆಳಗೆ ಹಾಳಾದ್ದು ಹಾಕೋರನ್ನ ದಿನಾ ನೋಡ್ತೀನಿ ಕಣೋ. ಬ್ಲೇಡೆಲ್ಲಿ?"