ಮೂರು ನಿಯಮಗಳು ಮತ್ತು ಮಾವನ ಕಾಲ್ಬೆರಳು

ಭಟ್ಕಳಕ್ಕೆ ಹೊರಟು ನಿಂತ ಅತ್ತೆ ನನಗೆ ನಿಜವಾಗಿ ಏನು ಹೇಳಿದಳೆಂಬುದು ಇವತ್ತಿಗೂ ಖಚಿತವಿಲ್ಲ. 'ಅವರನ್ನ ಸಮುದ್ರಕ್ಕೆ ಕರ್ಕೊಂಡು ಹೋಗ್ಬೇಡ' ಎಂದಳೋ, 'ಹೋಗೂಕೆ ಬಿಡ್ಬೇಡ' ಎಂದಳೋ. ಎರಡೂ ಒಂದೇ ಅಲ್ಲವೇ ಎಂದು ಕೇಳುವವರು ನನ್ನ ಮಾವನ ಜೊತೆ ವಾದಕ್ಕೆ ಕೂತವರಲ್ಲ. ಧಾರವಾಡದಲ್ಲಿ ತತ್ವಶಾಸ್ತ್ರ ಓದಿ ಬಂದ ಮೇಲೆ ನಾನು ಎಲ್ಲವನ್ನೂ ಸಂಶಯಿಸಲು ಕಲಿತಿದ್ದೆ, ನನ್ನ ನೆನಪನ್ನು ಮೊದಲು.

ಮಾವ ಎಂದರೆ ನನ್ನ ಸೋದರಮಾವ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಕಾಗಾಲದಲ್ಲಿ ಮನೆ. ಸಕ್ಕರೆ ಕಾಯಿಲೆಯಿಂದ ಬಲಗಾಲಿನ ಹೆಬ್ಬೆರಳಿನ ಪಕ್ಕದ ಬೆರಳಲ್ಲಿ ಗಾಯವಾಗಿ, ಒಣಗದೆ ಕೂತಿತ್ತು. ಹೊನ್ನಾವರದ ಡಾಕ್ಟರು, ಅವನ ಹಳೆಯ ವಿದ್ಯಾರ್ಥಿ, ಗಾಯಕ್ಕೆ ನೀರು ತಾಗಿಸಬಾರದು, ತಾಗಿ ಕೊಳೆತರೆ ಬೆರಳನ್ನೇ ತೆಗೆಯಬೇಕಾದೀತು ಎಂದಿದ್ದರು. ಅದೇ ಹೊತ್ತಿಗೆ ಭಟ್ಕಳದಲ್ಲಿರುವ ಮಗಳಿಗೆ ಎರಡನೇ ಹೆರಿಗೆ. ಅತ್ತೆ ಹೊರಟಳು. ಕೆಲಸ ಬಿಟ್ಟು ಊರೂರು ಸುತ್ತುತ್ತಿದ್ದ ನಾನು ಕಾವಲಿಗೆ ಬಂದೆ.

ಹೊರಡುವಾಗ ಅವಳು ಹೇಳಿದ್ದರಲ್ಲಿ ಮೂರು ಮಾತುಗಳಿದ್ದವು ಎಂಬುದು ಮಾತ್ರ ಮಾವನೂ ನಾನೂ ಒಪ್ಪಿದ ಸಂಗತಿ. ಅವನ ಕಾಲಿಗೆ ಏನೂ ಆಗಬಾರದು. ಉಳಿದಂತೆ ಅವನು ಹೇಳಿದ್ದು ಕೇಳಬೇಕು. ನಾನೂ ಹೊತ್ತಿಗೆ ಸರಿಯಾಗಿ ಉಣ್ಣಬೇಕು.

ಬಸ್ಸು ತಿರುವು ದಾಟುವ ಮೊದಲೇ ಮಾವ ನಕ್ಕ. "ತಮ್ಮಾ, ನಿನ್ನ ಅತ್ತೆ ನಿನ್ನ ರೋಬೋಟ್ ಮಾಡಿಟ್ಟು ಹೋದ್ಲಲ್ಲೋ!"

ನಾನು ಶಾಲೆಗೆ ಹೋಗುವಾಗ ಅವನೇ ಓದಿ ಹೇಳಿದ್ದ ಕತೆಗಳವು, ರೋಬೋಟುಗಳ ಒಂದು ಹಳೆಯ ಇಂಗ್ಲಿಷ್ ಸಂಕಲನ. ಅದರಲ್ಲಿ ಪ್ರತಿ ರೋಬೋಟಿನ ಮಿದುಳಲ್ಲೂ ಮೂರು ನಿಯಮ ಕೂರಿಸಿರುತ್ತಾರೆ. ಮನುಷ್ಯನಿಗೆ ಹಾನಿ ಮಾಡಬಾರದು, ಸುಮ್ಮನಿದ್ದು ಹಾನಿಯಾಗಲೂ ಬಿಡಬಾರದು. ಮೊದಲನೆಯದಕ್ಕೆ ಅಡ್ಡ ಬಾರದ ಆಜ್ಞೆಗಳನ್ನೆಲ್ಲ ಪಾಲಿಸಬೇಕು. ಮೊದಲೆರಡಕ್ಕೆ ಅಡ್ಡ ಬಾರದಂತೆ ತನ್ನನ್ನೂ ಕಾಪಾಡಿಕೊಳ್ಳಬೇಕು. ಅತ್ತೆ ಅದನ್ನು ಓದಿದವಳಲ್ಲ. ಗಂಡನ ಜೊತೆ ಬಾಳಿ ತಾನೇ ಕಂಡುಕೊಂಡಿದ್ದಳು.

ಪಿತೃಪಕ್ಷದ ಅಮಾವಾಸ್ಯೆ ಹತ್ತಿರವಾದಾಗ ಮಾವನ ಹೂಟ ಶುರುವಾಯಿತು. ಅಂದು ಧಾರೇಶ್ವರದಲ್ಲಿ ಸಮುದ್ರಸ್ನಾನ ಮಾಡುವುದನ್ನು ಅವನು ಎಂದೂ ತಪ್ಪಿಸಿದವನಲ್ಲ. ದೇವರ ಮೇಲೆ ನಂಬಿಕೆ ಅಷ್ಟಕ್ಕಷ್ಟೇ. ಉಪ್ಪುನೀರು ಗಾಯ ಒಣಗಿಸುತ್ತದೆ ಎಂಬುದರಲ್ಲಿ ಮಾತ್ರ, ವಿಜ್ಞಾನ ಕಲಿಸಿದ ಈ ಮನುಷ್ಯನಿಗೆ, ಊರಿನವರಷ್ಟೇ ಭಕ್ತಿ.

"ಅತ್ತೆ ಬೇಡ ಅಂದಿದ್ದು," ಎಂದೆ.

"ಎಂತ ಅಂದಿದ್ದು? ಕರ್ಕೊಂಡು ಹೋಗ್ಬೇಡ ಅಂದಿದ್ದು. ನೀ ಕರ್ಕೊಂಡು ಹೋಗ್ಬೇಡ, ನಾ ಹೋಗ್ತೆ. ನೀ ಅರ್ಧ ನಿಯಮದ ರೋಬೋಟು, ಆ ಕತೆ ನೆನಪಿದ್ಯಾ?"

ನೆನಪಿತ್ತು. ಒಂದು ಕತೆಯಲ್ಲಿ ಜನ ಸ್ವಲ್ಪ ಹೊತ್ತು ಸೌಮ್ಯ ವಿಕಿರಣದಲ್ಲಿ ಕೆಲಸ ಮಾಡಬೇಕಾಗುತ್ತದೆ. ಅಪಾಯವೇನಿಲ್ಲ. ಆದರೂ ರೋಬೋಟುಗಳು ಧಾವಿಸಿ ಅವರನ್ನು ಎಳೆದು ತರುತ್ತವೆ, ಆ ವಿಕಿರಣಕ್ಕೆ ತಾವೇ ಸುಟ್ಟು ಹಾಳಾಗುತ್ತವೆ. ಬೇಸತ್ತವರು ಕೆಲವು ರೋಬೋಟುಗಳಲ್ಲಿ ಮೊದಲ ನಿಯಮದ ಅರ್ಧವನ್ನು, ಅಂದರೆ 'ಸುಮ್ಮನಿರಬಾರದು' ಎಂಬುದನ್ನು, ತೆಗೆದುಬಿಡುತ್ತಾರೆ. ಅದರಲ್ಲಿರುವ ಗಂಡಾಂತರವನ್ನು ಒಬ್ಬ ವಿಜ್ಞಾನಿ ವಿವರಿಸುತ್ತಾಳೆ: ಅಂಥ ರೋಬೋಟು ಮನುಷ್ಯನ ತಲೆಯ ಮೇಲೆ ಭಾರದ ವಸ್ತು ಬಿಡಬಲ್ಲದು. ಬಿಡುವಾಗ ಹಾನಿಯಿಲ್ಲ, ಯಾಕೆಂದರೆ ನಡುವೆ ಹಿಡಿಯುವ ಶಕ್ತಿ ಅದಕ್ಕಿದೆ. ಬಿಟ್ಟ ಮೇಲೆ ಹಿಡಿಯದಿದ್ದರೂ ನಿಯಮ ಮುರಿಯುವುದಿಲ್ಲ. ಕೊಂದದ್ದು ಭಾರವೇ ಹೊರತು ರೋಬೋಟಲ್ಲ.

ಅಮಾವಾಸ್ಯೆಯ ದಿನ ಮಾವ ಅಂಥದೇ ಭಾರವನ್ನು ಬಿಡಿಸಿದ್ದು ನನ್ನ ಕೈಯಿಂದಲೇ, ಒಂದೊಂದೇ ಸಣ್ಣ ಆಜ್ಞೆ ಕೊಟ್ಟು. "ರಿಕ್ಷಾ ಕರಿ, ಕುಮಟೆ ಪೇಟೆಗೆ ಹೋಪ." ಪೇಟೆಯಲ್ಲಿ ಏನು ಹಾನಿ? ಕರೆದೆ. "ಇಲ್ಲಿಂದ ಧಾರೇಶ್ವರ ಎಷ್ಟು ದೂರ, ದೇವರಿಗೆ ಕೈ ಮುಗ್ದು ಬಪ್ಪ." ಕೈ ಮುಗಿಯುವುದರಲ್ಲಿ ಹಾನಿಯಿಲ್ಲ. ಮುಗಿದು ಸಮುದ್ರದ ದಡದ ಕಡೆ ತಿರುಗಿದಾಗ, "ಕಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಟು, ಹೊಯ್ಗೆ ತಾಗೂದು ಬೇಡ." ಗಾಯಕ್ಕೆ ಮರಳು ತಾಗದಂತೆ ಕಟ್ಟುವುದಂತೂ ಕಾಪಾಡುವ ಕೆಲಸವೇ. ಚೀಲವನ್ನು ಜೇಬಲ್ಲಿಟ್ಟುಕೊಂಡೇ ಬಂದಿದ್ದ ಎಂಬುದು ಅವನ ಪಾದದ ಬುಡದಲ್ಲಿ ಕೂತು ಚೀಲಕ್ಕೆ ರಬ್ಬರ್ ಬ್ಯಾಂಡ್ ಹಾಕುವಾಗ ನನಗೆ ಹೊಳೆಯಿತು. ಎದ್ದು ನೋಡಿದರೆ ಮಾವ ಪಂಚೆ ಎತ್ತಿ ಕಟ್ಟಿದ್ದಾನೆ, ಸುತ್ತ ಊರೆಲ್ಲ ಮೀಯುತ್ತಿದೆ.

ಇನ್ನು ತಡೆಯಬೇಕು. ನನಗೆ ಇನ್ನೊಂದು ಕತೆ ನೆನಪಾಯಿತು. ಬುಧ ಗ್ರಹದಲ್ಲಿ ಒಂದು ರೋಬೋಟಿಗೆ, ಒತ್ತಿ ಹೇಳದೆ, ಹಗುರವಾಗಿ, ಒಂದು ಧಾತು ತರಲು ಹೇಳಿರುತ್ತಾರೆ. ಅದು ದುಬಾರಿ ರೋಬೋಟಾದ್ದರಿಂದ ತನ್ನನ್ನು ಕಾಪಾಡಿಕೊಳ್ಳುವ ಮೂರನೇ ನಿಯಮ ಮಾಮೂಲಿಗಿಂತ ಬಲವಾಗಿರುತ್ತದೆ. ಧಾತು ಇರುವಲ್ಲಿ ಅದಕ್ಕೆ ಅಪಾಯ. ಹತ್ತಿರ ಹೋದರೆ ಮೂರನೆಯದು ಹಿಂದಕ್ಕೆ ತಳ್ಳುತ್ತದೆ, ದೂರ ಬಂದರೆ ಎರಡನೆಯದು ಮುಂದಕ್ಕೆ ಎಳೆಯುತ್ತದೆ. ಎರಡೂ ಸಮವಾದ ಕಡೆ ಅದು ಕುಡಿದವನಂತೆ ಸುತ್ತುತ್ತಲೇ ಇರುತ್ತದೆ. ಕೊನೆಗೆ ಒಬ್ಬ ತನ್ನ ಜೀವವನ್ನೇ ಅಪಾಯಕ್ಕೆ ಒಡ್ಡಿದಾಗ ಮೊದಲ ನಿಯಮ ಎದ್ದು ಆ ಸುತ್ತು ಮುರಿಯುತ್ತದೆ.

ಈಜು ಬಾರದ ನಾನು ಅಂಗಿ ಪ್ಯಾಂಟಿನಲ್ಲೇ ನೀರಿಗೆ ಇಳಿದೆ. ಮಾವ ಹೆದರಿ ಸ್ನಾನ ಮರೆಯುತ್ತಾನೆ, ಮನೆಗೆ ಹೋಗೋಣ ಎನ್ನುತ್ತಾನೆ ಎಂಬ ಲೆಕ್ಕ. ನೀರು ನನಗೆ ಎದೆಮಟ್ಟ ಬಂದಿತ್ತು. ಮಾವ ಇಂದಿಗೂ ಮೊಣಕಾಲು ಎನ್ನುತ್ತಾನೆ.

"ಏ ಹುಚ್ಚಾ! ಎಂತ ಮಾಡ್ತೆ!"

ಹೆದರಿದ, ಲೆಕ್ಕ ಅಲ್ಲಿಯವರೆಗೆ ಸರಿ. ಆಮೇಲೆ ಚೀಲ ಕಟ್ಟಿದ ಕಾಲಿನಲ್ಲೇ ತೆರೆ ಸೀಳಿಕೊಂಡು ಬಂದು ನನ್ನ ಕಾಲರ್ ಹಿಡಿದ. ದಡಕ್ಕೆ ಬಂದಾಗ ಚೀಲದ ತುಂಬ ಸಮುದ್ರವಿತ್ತು, ಒಂದು ಪುಟ್ಟ ಏಡಿಯೂ ಇತ್ತು. ಏಡಿಯ ವಿಷಯ ನಾನು ಆಮೇಲೆ ಸೇರಿಸಿಕೊಂಡದ್ದೂ ಇರಬಹುದು.

ಏದುಸಿರು ಬಿಡುತ್ತ ಮಾವ ಕೇಳಿದ, "ಕತೆಲಿ ಆ ಮನುಷ್ಯ ಅಪಾಯಕ್ಕೆ ಇಳ್ದಾಗ ರೋಬೋಟು ಎಲ್ಲಿಗೆ ಬಂತು?"

"ಅವನ ಹತ್ರ."

"ಮತ್ತೆ ನಾ ಎಲ್ಲಿಗೆ ಬರೂದು ಅಂದ್ಕಂಡಿದ್ದೆ? ಎಂ.ಎ. ಬೇರೆ!"

ಬಟ್ಟೆ ಹಿಂಡಿ ನೇರ ಹೊನ್ನಾವರಕ್ಕೆ ಹೋದೆವು. ಡಾಕ್ಟರು ಗಾಯ ತೊಳೆದು ಹೊಸ ಪಟ್ಟಿ ಕಟ್ಟಿದರು. "ಸರ್, ಸಮುದ್ರದ ನೀರಲ್ಲಿ ಉಪ್ಪು ಒಂದೇ ಅಲ್ಲ, ಕ್ರಿಮಿಗಳೂ ಇರ್ತಾವೆ ಅಂತ ನೀವೇ ಪಾಠ ಮಾಡಿದ್ರಿ," ಎಂದರು. ಮಾವ ಛಾವಣಿ ನೋಡಿದ. ಬೆರಳು ಉಳಿಯುತ್ತದೋ ಇಲ್ಲವೋ ಈಗಲೇ ಹೇಳಲಾಗದು ಎಂದೂ ಡಾಕ್ಟರು ಹೇಳಿದರು.

ಸಂಜೆ ಭಟ್ಕಳದಿಂದ ಅತ್ತೆಯ ಫೋನು. "ಕಾಲು ಹ್ಯಾಂಗಿದ್ದು?"

ಸಂಕಲನದಲ್ಲಿ ಮನಸ್ಸು ಓದುವ ರೋಬೋಟೂ ಒಂದಿದೆ. ಮನಸ್ಸು ನೋಯಿಸುವುದೂ ಹಾನಿಯೇ ಎಂದು ತಿಳಿದು ಅದು ಪ್ರತಿಯೊಬ್ಬರಿಗೂ ಅವರು ಬಯಸಿದ ಸುಳ್ಳನ್ನೇ ಹೇಳುತ್ತದೆ. ಆ ಸುಳ್ಳುಗಳೂ ನೋಯಿಸುತ್ತವೆ. ಕೊನೆಗೆ ಹೇಳಿದರೂ ನೋವು, ಹೇಳದಿದ್ದರೂ ನೋವು ಎಂಬ ಪ್ರಶ್ನೆ ಎದುರಾದಾಗ ಅದರ ಮಿದುಳು ಕೆಟ್ಟು ನಿಲ್ಲುತ್ತದೆ. ಮಾವ ಫೋನನ್ನು ನನಗೆ ಕೊಟ್ಟ. ನಾನು ಅವನಿಗೆ ಕೊಟ್ಟೆ. ಅವನು ಮತ್ತೆ ನನಗೆ ಕೊಟ್ಟ.

"ಇಬ್ರೂ ಸುಮ್ನಿದ್ರೆ ನಂಗೆ ಗೊತ್ತಾತು ಬಿಡಿ," ಎಂದಳು ಅತ್ತೆ. "ಧಾರೇಶ್ವರಕ್ಕೆ ಹೋಗಿ ಬಂದ್ರಿ."

ಆಮೇಲೊಮ್ಮೆ ಅವಳನ್ನೇ ಕೇಳಿದೆ: ಅಂದು ನೀನು ಕರೆದುಕೊಂಡು ಹೋಗಬೇಡ ಅಂದದ್ದೋ, ಹೋಗಲು ಬಿಡಬೇಡ ಅಂದದ್ದೋ? ಅವಳು ಯೋಚಿಸಿ, "ಉಪ್ಪಿನಕಾಯಿ ಕೊಡ್ಬೇಡ ಅಂದಿದ್ದು ಮಾತ್ರ ನೆನಪು ಮಾರಾಯಾ," ಎಂದಳು. ಉಪ್ಪಿನಕಾಯಿ ನನ್ನ ನೆನಪಿನಲ್ಲೂ ಇಲ್ಲ, ಮಾವನ ನೆನಪಿನಲ್ಲೂ ಇಲ್ಲ.

ಹಾಗಾಗಿ ಎದೆಮಟ್ಟದ ನೀರು, ಏಡಿ, ಅತ್ತೆಯ ಮಾತು, ಯಾವುದಕ್ಕೂ ನಾನು ಪ್ರಮಾಣ ಮಾಡಲಾರೆ. ಒಂದಕ್ಕೆ ಮಾಡಬಲ್ಲೆ. ಭಟ್ಕಳದಲ್ಲಿ ಮೊಮ್ಮಗುವಿನ ನಾಮಕರಣದ ದಿನ ಊಟ ಮುಗಿಸಿ ಮಾವ ಚಾಪೆಯ ಮೇಲೆ ಕಾಲು ಚಾಚಿ ಮಲಗಿದ್ದ. ಸದ್ದಿಲ್ಲದೆ ಹತ್ತಿರ ಕೂತು ನೋಡಿದೆ. ಬಲಗಾಲಿನಲ್ಲಿ ಐದೂ ಬೆರಳಿದ್ದವು.